ನೆಟ್‌ವರ್ಕ್ ಹೋದ ಮೇಲೂ ಕೆಲಸಕ್ಕೆ ಬರೋ ದಾರಿ ಮೆಸೇಜ್: ಒಳಗಡೆ ಹೋಮ್‌ಸ್ಟೇ ಇಟ್ಕೊಂಡೋರಿಗೆ

ಮಲೆನಾಡಲ್ಲಿ ಹೋಮ್‌ಸ್ಟೇ ಇಟ್ಕೊಂಡಿರೋ ಬಹಳಷ್ಟು ಜನ ಬುಕಿಂಗ್ ಆದ ಕೂಡ್ಲೇ ಒಂದು ಲೊಕೇಶನ್ ಕಳಿಸಿ, "ಮ್ಯಾಪ್ ಹಾಕ್ಕೊಂಡು ಬನ್ನಿ ಸಾರ್, ಕಷ್ಟ ಏನಿಲ್ಲ" ಅಂತ ಹೇಳಿ ಸುಮ್ನಾಗ್ತಾರೆ. ತಾಲ್ಲೂಕು ಕೇಂದ್ರದ ತನಕ ಅದು ಸರಿನೇ. ಆಮೇಲಿನ ಹತ್ತು ಹದಿನೈದು ಕಿಲೋಮೀಟರಲ್ಲೇ ಇರೋದು ಎಲ್ಲ ತಾಪತ್ರಯ. ಕಾಫಿ ಎಸ್ಟೇಟ್ ಒಳಗಿನ ಜೀಪ್ ರೋಡೂ ಮ್ಯಾಪಲ್ಲಿ ಒಂದು ಗೆರೆನೇ, ಪಂಚಾಯ್ತಿ ರೋಡೂ ಒಂದು ಗೆರೆನೇ, ಅದು ಯಾವುದು ಹತ್ತಿರವೋ ಆ ಕಡೆ ತಿರುಗಿಸತ್ತೆ, ಗೆಸ್ಟು ಹೋಗಿ ಯಾರದ್ದೋ ತೋಟದ ಬೀಗ ಹಾಕಿದ ಗೇಟ್ ಮುಂದೆ ನಿಲ್ತಾರೆ. ಹಿಂದೆ ತಿರುಗಿಸೋಕೆ ಜಾಗ ಇಲ್ಲ, ಫೋನ್ ಮಾಡೋಣ ಅಂದ್ರೆ ಸಿಗ್ನಲ್ ಇಲ್ಲ.

ಅದಕ್ಕೇ ದಾರಿ ಮೆಸೇಜ್ ಅನ್ನೋದು ಮ್ಯಾಪ್ ಕೈ ಕೊಡೋ ಜಾಗದಿಂದ ಮನೆ ತನಕದ ತುಂಡಿಗೆ ಬರೀಬೇಕಾದ್ದು, ಅದೂ ಫೋನಲ್ಲಿ ಒಂದು ಕಡ್ಡಿ ನೆಟ್‌ವರ್ಕ್ ಇಲ್ದೇ ಇರೋನಿಗೆ ಅಂತ ಅಂದ್ಕೊಂಡೇ ಬರೀಬೇಕಾದ್ದು. ಹೇಗೆ ಅಂತ ನೋಡೋಕೆ ಒಂದು ಉದಾಹರಣೆ ಇಟ್ಕೊಳ್ಳೋಣ: ಬೆಂಗಳೂರಿಂದ ಒಂದು ಫ್ಯಾಮಿಲಿ ಜುಲೈ ತಿಂಗಳಲ್ಲಿ ಡಿಸೈರ್ ಥರದ ಕಾರಲ್ಲಿ ಹೊರಟಿದೆ, ನಿಮ್ಮ ತೋಟದ ಮನೆ ಇರೋದು ಹೊರನಾಡಿನಿಂದ ಆಚೆ 6 ಕಿ.ಮೀ. ಒಳಗೆ, ಅದರಲ್ಲಿ ಕೊನೆ 2 ಕಿ.ಮೀ. ಮಣ್ಣು ರೋಡು. (ಮನೆ ಕಲ್ಪನೆದು, ಹೊರನಾಡಿನ ತನಕದ ದಾರಿ ನಿಜದ್ದು.)

ಮೊದಲು ದಾರಿನ ಮೂರು ತುಂಡು ಮಾಡಿ

ಮೊದಲ ತುಂಡು ಬೆಂಗಳೂರಿಂದ ಕಳಸ. ನೆಲಮಂಗಲ, ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಕಳಸ. ಇದನ್ನ ಒಂದೇ ಸಾಲಲ್ಲಿ ಬರೀರಿ, ಯಾಕಂದ್ರೆ ಇಲ್ಲಿ ಗೂಗಲ್ ಮ್ಯಾಪ್ ನಿಮಗಿಂತ ಚೆನ್ನಾಗಿ ಹೇಳತ್ತೆ. ನೀವು ಸೇರಿಸಬೇಕಾದ್ದು ಮ್ಯಾಪ್ ಹೇಳದ ಒಂದೆರಡು ಮಾತು ಅಷ್ಟೇ. ಕೊಟ್ಟಿಗೆಹಾರದಲ್ಲಿ ದಾರಿ ಒಡೆಯತ್ತೆ, ನೇರ ಹೋದ್ರೆ ಚಾರ್ಮಾಡಿ ಘಾಟಿ ಇಳ್ದು ಉಜಿರೆ ಕಡೆ ಹೋಗ್ಬಿಡ್ತೀರಿ, ಕಳಸಕ್ಕೆ ಬಲಕ್ಕೆ ತಿರುಗಬೇಕು. ಮಂಜು ಮುಸುಕಿದ ಸಂಜೆ ಬೋರ್ಡ್ ಕಾಣದೇ ಘಾಟಿ ತಲೆ ತನಕ ಹೋಗಿ ವಾಪಸ್ ಬರೋರು ಇದ್ದಾರೆ. ಇನ್ನೊಂದು, ಬೇಲೂರು ಮೂಡಿಗೆರೆ ಸೀಮೆಲಿ ಆನೆ ಓಡಾಟ ಜಾಸ್ತಿ, ಹಾಗಾಗಿ ಕತ್ತಲಾಗೋ ಮುಂಚೆ ದಾಟಿ ಅಂತ ಹೇಳಿ, ಹೆದರಿಸೋ ಥರ ಬೇಡ.

ಎರಡನೇ ತುಂಡು ಕಳಸದಿಂದ ಹೊರನಾಡು, ಸುಮಾರು 8 ಕಿ.ಮೀ. ಮೂರನೇ ತುಂಡು ಹೊರನಾಡಿನಿಂದ ಮನೆ. ಮೆಸೇಜಿನ ಮುಕ್ಕಾಲು ಭಾಗ ಈ ಮೂರನೇ ತುಂಡಿಗೇ ಹೋಗಬೇಕು. ಬಹಳ ಜನ ಉಲ್ಟಾ ಮಾಡ್ತಾರೆ, ನೆಲಮಂಗಲದ ಟೋಲಿಂದ ಶುರು ಮಾಡಿ ಹಾಸನದ ತನಕ ಅರ್ಧ ಪುಟ ಬರ್ದು, ಕೊನೆಗೆ "ಹೊರನಾಡು ದಾಟಿ ಸ್ವಲ್ಪ ಮುಂದೆ ಬನ್ನಿ, ಯಾರನ್ನ ಕೇಳಿದ್ರೂ ಹೇಳ್ತಾರೆ" ಅಂತ ಮುಗಿಸ್ತಾರೆ. ಮಳೆಗಾಲದಲ್ಲಿ ಸಂಜೆ ಐದೂವರೆಗೆ ಆ ರೋಡಲ್ಲಿ ಕೇಳೋಕೆ ಯಾರಿರ್ತಾರೆ?

ಮಂಗಳೂರು ಕಡೆಯಿಂದ ಬರೋರಿಗೆ ಬೇರೆ ಮೆಸೇಜ್ ಇಟ್ಕೊಳ್ಳಿ. ಅವರು ಕಾರ್ಕಳ, ಬಜಗೋಳಿ, ಕುದುರೆಮುಖ ಮೇಲೆ ಕಳಸಕ್ಕೆ ಬರಬಹುದು, ಇಲ್ಲಾಂದ್ರೆ ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರಕ್ಕೆ. ಎಲ್ಲ ದಾರಿನೂ ಒಂದೇ ಮೆಸೇಜಲ್ಲಿ ತುಂಬಿದ್ರೆ ಓದೋರು ತಮ್ಮ ಸಾಲು ಯಾವುದು ಅಂತ ಹುಡುಕೋದ್ರಲ್ಲೇ ತಿರುವು ತಪ್ಪಿಸ್ಕೋತಾರೆ. ಮೊದಲ ಎರಡು ಸಾಲು ಬೇರೆ ಬೇರೆ, ಕಳಸದಿಂದ ಮುಂದಿನದ್ದು ಎಲ್ಲರಿಗೂ ಒಂದೇ.

ಗುರುತು: ಕಾರಲ್ಲಿ ಕೂತೋನಿಗೆ ಕಾಣಬೇಕು

ಊರವರ ಗುರುತೇ ಬೇರೆ, ಹೊಸಬರ ಗುರುತೇ ಬೇರೆ. ನಮಗೆ "ಹಳೇ ಸಾಮಿಲ್ ಇತ್ತಲ್ಲ ಅಲ್ಲಿ" ಅಂದ್ರೆ ಸಾಕು, ಸಾಮಿಲ್ ಹೋಗಿ ಎಷ್ಟೋ ವರ್ಷ ಆಗಿದ್ರೂ. ಬೆಂಗಳೂರಿನೋರಿಗೆ ಅಲ್ಲಿ ಕಾಣೋದು ಬರೀ ಹುಲ್ಲು. ಹಾಗೇ "ದೊಡ್ಡ ಹಲಸಿನ ಮರ" ಅಂತ ಬರೀಬೇಡಿ, ಅವರಿಗೆ ಎಲ್ಲ ಮರನೂ ದೊಡ್ಡದೇ, ಮೇಲಾಗಿ ಜುಲೈ ಗಾಳಿಗೆ ಅದು ಬಿದ್ದೂ ಹೋಗಿರಬಹುದು. ಫ್ಲೆಕ್ಸ್ ಬೋರ್ಡ್, ಗೂಡಂಗಡಿ, ಯಾರದ್ದೋ ಮನೆ ಹೆಸರು ಇವೂ ಬೇಡ. ಗೂಡಂಗಡಿ ಮುಚ್ಚಿದ್ರೆ ಬರೀ ನೀಲಿ ಟಾರ್ಪಾಲು ಕಾಣತ್ತೆ.

ಒಳ್ಳೇ ಗುರುತು ಅಂದ್ರೆ ವರ್ಷಗಟ್ಟಲೆ ಅಲ್ಲೇ ಇರೋದು, ಕಾರಿನ ಗಾಜಿಂದ ಕಾಣೋದು, ಆ ರೋಡಲ್ಲಿ ಒಂದೇ ಇರೋದು. ದೇವಸ್ಥಾನದ ಕಮಾನು, ಪಂಚಾಯ್ತಿ ಕಟ್ಟಿಸಿದ ಬಸ್ ತಂಗುದಾಣ, ಸರ್ಕಾರಿ ಶಾಲೆ, ಹಾಲಿನ ಡೈರಿ, ಸೇತುವೆ, ಮೊಬೈಲ್ ಟವರ್. ಬಸ್ ತಂಗುದಾಣ ಅಂದ್ರೆ ಬಣ್ಣನೂ ಬರೀರಿ, ಯಾವ ಬದಿಗೆ ಅಂತನೂ ಬರೀರಿ. "ನಿಮ್ಮ ಎಡಗಡೆ, ಹಸಿರು ಬಣ್ಣದ ಬಸ್ ಸ್ಟ್ಯಾಂಡು, ಅದರ ಪಕ್ಕದಲ್ಲೇ ಮಣ್ಣು ರೋಡು ಕೆಳಗಿಳಿಯತ್ತೆ" ಅಂದಾಗ ಓದೋನ ಕಣ್ಣಿಗೆ ಒಂದು ಚಿತ್ರ ಬರತ್ತೆ. ಎಡ ಬಲ ಯಾವಾಗ್ಲೂ ಬರ್ತಾ ಇರೋನ ಕಡೆಯಿಂದ ಹೇಳಿ, ನಿಮ್ಮ ಮನೆ ಜಗಲಿಲಿ ಕೂತು ಹೇಳಬೇಡಿ. ಕೇಳೋಕೆ ಸಣ್ಣ ವಿಷಯ, ಆದ್ರೆ ಎಡ ಬಲ ಅದಲು ಬದಲಾಗೋದು ಇಲ್ಲೇ, ಯಾಕಂದ್ರೆ ನಾವು ದಿನಾ ಮನೆಯಿಂದ ಹೊರಗೆ ಹೋಗೋ ದಾರಿ ನೋಡೋರು, ಅವರು ಒಳಗೆ ಬರೋರು.

ದೂರ ಹೇಳೋಕೆ ಟ್ರಿಪ್ ಮೀಟರ್ ಬಳಸಿ. "ಕಮಾನಿನ ಹತ್ರ ಟ್ರಿಪ್ ಮೀಟರ್ ಸೊನ್ನೆ ಮಾಡ್ಕೊಳ್ಳಿ, 4 ಕಿಲೋಮೀಟರಿಗೆ ಎಡಗಡೆ ಬಸ್ ಸ್ಟ್ಯಾಂಡ್" ಅಂದ್ರೆ ಮಳೆಲಿ ಏನೂ ಕಾಣದೇ ಇದ್ರೂ ಎಲ್ಲಿ ನಿಧಾನ ಮಾಡ್ಬೇಕು ಅಂತ ಗೊತ್ತಾಗತ್ತೆ. ಇದಕ್ಕೆ ನೀವೇ ಒಂದು ಸಲ ನಿಮ್ಮ ಗಾಡಿಲಿ ಅಳೀಬೇಕು, ಅಂದಾಜಿಗೆ ಬರ್ದ ಕಿಲೋಮೀಟರ್ ಬರೀದೇ ಇರೋದಕ್ಕಿಂತ ಕಡೆ.

ಇನ್ನೊಂದು ಸಾಲು ಬಹುತೇಕ ಯಾರೂ ಬರೆಯಲ್ಲ, ಆದ್ರೆ ನನ್ನ ಲೆಕ್ಕದಲ್ಲಿ ಇಡೀ ಮೆಸೇಜಿಗೆ ಅದೇ ಮುಖ್ಯ: ತಿರುವು ತಪ್ಪಿದ್ರೆ ಮುಂದೆ ಏನು ಕಾಣತ್ತೆ ಅಂತ. "ಕಬ್ಬಿಣದ ಕಟಾಂಜನ ಇರೋ ಸೇತುವೆ ಬಂತು ಅಂದ್ರೆ ನೀವು ದಾಟಿ ಹೋಗಿದ್ದೀರಿ, ಅಲ್ಲೇ ತಿರುಗಿಸೋಕೆ ಜಾಗ ಇದೆ, ಅರ್ಧ ಕಿಲೋಮೀಟರ್ ವಾಪಸ್ ಬನ್ನಿ." ದಾರಿ ತಪ್ಪಿದೋರು ಬೇಗ ಒಪ್ಕೊಳ್ಳಲ್ಲ, ಇನ್ನೂ ಮುಂದಿರಬೇಕು ಮುಂದಿರಬೇಕು ಅಂತ ಹೋಗ್ತಾನೇ ಇರ್ತಾರೆ, ಆ ಸಾಲು ಅವರನ್ನ ನಿಲ್ಲಿಸತ್ತೆ. ತಿರುಗಿಸೋಕೆ ಜಾಗ ಎಲ್ಲಿದೆ ಅನ್ನೋದೂ ಅಷ್ಟೇ ಮುಖ್ಯ, ಒಂದು ಬದಿ ಧರೆ ಇನ್ನೊಂದು ಬದಿ ಹಳ್ಳ ಇರೋ ರೋಡಲ್ಲಿ ಹೊಸಬರು ರಿವರ್ಸ್ ತಗೊಳ್ಳೋದು ನೋಡೋಕೇ ಭಯ.

ಪಿನ್ ಎಲ್ಲಿ ಹಾಕ್ಬೇಕು

ಮನೆ ಮೇಲೆ ಪಿನ್ ಹಾಕಿದ್ರೆ ಮ್ಯಾಪ್ ಮನೆಗೆ ಹತ್ತಿರ ಇರೋ ಯಾವುದೋ ರೋಡಿಗೆ ಕರ್ಕೊಂಡು ಹೋಗತ್ತೆ, ಅದು ಹಳ್ಳದ ಆಚೆ ದಡದ್ದೂ ಆಗಿರಬಹುದು. ಪಿನ್ ಇರಬೇಕಾದ್ದು ಡಾಂಬರು ರೋಡು ಬಿಡೋ ತಿರುವಲ್ಲಿ. ಅಲ್ಲಿಗೇ ಹೋಗಿ ನಿಂತು ಗೂಗಲ್ ಮ್ಯಾಪಲ್ಲಿ ಆ ಜಾಗದ ಮೇಲೆ ಬೆರಳು ಒತ್ತಿ ಹಿಡಿದ್ರೆ ಎರಡು ದಶಾಂಶ ಸಂಖ್ಯೆ ಬರತ್ತೆ, ಅಕ್ಷಾಂಶ ರೇಖಾಂಶ. ಅದನ್ನ ಹಾಗೇ ಅಂಕಿಲಿ ಮೆಸೇಜಿಗೆ ಹಾಕಿ. ಚುಕ್ಕಿ ಆದ ಮೇಲೆ ನಾಲ್ಕು ಅಂಕಿ ಇದ್ರೆ ಸುಮಾರು 11 ಮೀಟರ್ ಒಳಗೆ ಜಾಗ ಸಿಗತ್ತೆ, ಐದಿದ್ರೆ ಒಂದು ಮೀಟರ್ ಆಸುಪಾಸು.

ಲಿಂಕ್ ಇರುವಾಗ ಅಂಕಿ ಯಾಕೆ ಅಂತ ಕೇಳಬಹುದು. `maps.app.goo.gl` ಅಂತ ಶುರುವಾಗೋ ಚಿಕ್ಕ ಲಿಂಕ್ ತೆರೆಯೋಕೆ ಇಂಟರ್‌ನೆಟ್ ಬೇಕು, ನೆಟ್ ಇಲ್ದೇ ಇರೋ ಜಾಗದಲ್ಲಿ ಅದು ಬರೀ ಅಕ್ಷರ. ಜಿಪಿಎಸ್‌ಗೆ ಸಿಮ್ಮಿನ ನೆಟ್‌ವರ್ಕ್ ಬೇಡ, ಅದು ಆಕಾಶದ ಉಪಗ್ರಹದಿಂದ ಬರೋದು. ಹಾಗಾಗಿ ಮನೆಯಿಂದ ಹೊರಡೋ ಮುಂಚೆ ಕಳಸ ಹೊರನಾಡು ಭಾಗದ ಆಫ್‌ಲೈನ್ ಮ್ಯಾಪ್ ಇಳಿಸ್ಕೊಂಡು, ಆ ಅಂಕಿ ಹಾಕಿ ಜಾಗ ಸೇವ್ ಮಾಡ್ಕೊಂಡ್ರೆ ಸಿಗ್ನಲ್ ಹೋದ ಮೇಲೂ ನೀಲಿ ಚುಕ್ಕಿ ನಡೀತಾನೇ ಇರತ್ತೆ. ಲಿಂಕೂ ಕಳಿಸಿ, ಅಂಕಿನೂ ಕಳಿಸಿ.

ರೋಡು ಹೇಗಿದೆ ಅನ್ನೋದಕ್ಕೆ ತಾರೀಖು ಹಾಕಿ

"ರೋಡು ಚೆನ್ನಾಗಿದೆ" ಅಂತ ಜನವರಿಲಿ ಬರ್ದ ಮಾತು ಜುಲೈಲಿ ಸುಳ್ಳು. ಮೆಸೇಜಲ್ಲಿ ರೋಡಿನ ವಿಷಯ ಇರೋ ಸಾಲಿಗೆ ತಾರೀಖು ಇರಲೇಬೇಕು: "12 ಜುಲೈ ಬೆಳಗ್ಗೆ ನೋಡಿದ ಹಾಗೆ." ಆಗ ಗೆಸ್ಟಿಗೂ ಎಷ್ಟು ಹಳೇ ಸುದ್ದಿ ಅಂತ ಗೊತ್ತಾಗತ್ತೆ, ನಿಮಗೂ ಬದಲಾಯಿಸ್ಬೇಕು ಅಂತ ನೆನಪಾಗತ್ತೆ.

ನಮ್ಮ ಉದಾಹರಣೆಲಿ ಕಳಸ ಹೊರನಾಡು ಮಧ್ಯೆ ಭದ್ರಾ ನದಿಗೆ ಹೆಬ್ಬಾಳೆ ಸೇತುವೆ ಇದೆ. ಕುದುರೆಮುಖ ಕಡೆ ಜೋರು ಮಳೆ ಬಿದ್ರೆ ಹೊಳೆ ಏರಿ ಸೇತುವೆ ಮೇಲೆ ನೀರು ಬರೋದು ಮಳೆಗಾಲದಲ್ಲಿ ಮತ್ತೆ ಮತ್ತೆ ಪೇಪರಲ್ಲಿ ಬರೋ ಸುದ್ದಿ. ಕಳಸದಲ್ಲಿ ಮಳೆ ನಿಂತು ಬಿಸಿಲು ಬಂದಿದ್ರೂ ಮೇಲಿನ ಮಳೆಗೆ ಹೊಳೆ ಏರಿರಬಹುದು, ಇದು ಹೊಸಬರಿಗೆ ತಲೆಗೇ ಹೋಗಲ್ಲ. ಹಾಗಾಗಿ ಮೆಸೇಜಲ್ಲಿ "ಸೇತುವೆ ಮೇಲೆ ನೀರಿದ್ರೆ ದಾಟಬೇಡಿ, ಎಷ್ಟೇ ಕಮ್ಮಿ ಕಂಡ್ರೂ" ಅಂತ ಬರೀರಿ, ಜೊತೆಗೆ ಬದಲಿ ದಾರಿ ಹಳುವಳ್ಳಿ ಮೇಲೆ ಇದೆ, ಸುತ್ತು ಆಗತ್ತೆ, ಆದ್ರೆ ಅದಕ್ಕೆ ಹೊರಳೋ ಮುಂಚೆ ಕಳಸದಿಂದಲೇ ಫೋನ್ ಮಾಡಿ ಅಂತ ಹೇಳಿ. ನೀರು ಹರೀತಾ ಇರುವಾಗ ಸೇತುವೆ ಅಂಚು ಎಲ್ಲಿದೆ ಅಂತ ಕಾಣಲ್ಲ, ಕಟಾಂಜನ ಕೊಚ್ಚಿ ಹೋಗಿದ್ರೂ ಗೊತ್ತಾಗಲ್ಲ.

ಕೊನೆ ಎರಡು ಕಿಲೋಮೀಟರ್ ವಿಷಯಕ್ಕೆ "ಸ್ವಲ್ಪ ಆಫ್ ರೋಡ್" ಅನ್ನೋ ಮಾತು ಬಿಟ್ಬಿಡಿ. ಆ ಮಾತು ಜೀಪ್ ಇರೋನಿಗೆ ಖುಷಿ, ಡಿಸೈರ್ ಇರೋನಿಗೆ ಏನೂ ಅರ್ಥ ಆಗಲ್ಲ. ಯಾವ ಗಾಡಿ ಎಲ್ಲಿ ತನಕ ಬರತ್ತೆ ಅಂತ ನೇರ ಬರೀರಿ: ಬಸ್ ಸ್ಟ್ಯಾಂಡ್ ತನಕ ಯಾವ ಕಾರಾದ್ರೂ ಬರತ್ತೆ, ಅಲ್ಲಿಂದ ಮುಂದೆ ಡಿಸೆಂಬರಿಂದ ಮೇ ತನಕ ಎತ್ತರದ ಗಾಡಿಗಳು ಬರಬಹುದು, ಜೂನ್ ಬಂದ್ರೆ ಜೀಪ್ ಮಾತ್ರ. ಕಾರಣನೂ ಒಂದು ಸಾಲಲ್ಲಿ ಹೇಳಿ, ಇಲ್ಲಾಂದ್ರೆ "ನಾನು ಎಂತೆಂಥಾ ರೋಡಲ್ಲಿ ಓಡ್ಸಿದೀನಿ" ಅನ್ನೋರು ಬಂದೇ ಬರ್ತಾರೆ. ಮಣ್ಣು ರೋಡಲ್ಲಿ ಜೀಪಿನ ಚಕ್ರ ಎರಡು ಕಡೆ ಕೊರೆದು ಮಧ್ಯದ ಮಣ್ಣು ದಿಬ್ಬ ಆಗಿರತ್ತೆ, ಕಾರಿನ ಹೊಟ್ಟೆ ಅದರ ಮೇಲೆ ಕೂತ್ರೆ ಚಕ್ರ ಸುಮ್ನೆ ತಿರುಗ್ತಾ ಇರತ್ತೆ, ಎಳೆಯೋಕೆ ಜೀಪೇ ಬರಬೇಕು. ಏರಲ್ಲಿ ಅರ್ಧಕ್ಕೆ ನಿಂತ್ರೆ ಇನ್ನೂ ಕಷ್ಟ, ಕೆಂಪು ಮಣ್ಣು ಒದ್ದೆ ಆದ್ರೆ ಸೋಪಿನ ಥರ ಜಾರತ್ತೆ.

ಅಂದ ಮೇಲೆ ಕಾರು ಎಲ್ಲಿ ಬಿಡೋದು? ಇದೂ ಮೆಸೇಜಲ್ಲಿ ಇರಬೇಕು, ರೋಡ್ ಬದಿನಾ, ಯಾರದ್ದಾದ್ರೂ ಕಣದಲ್ಲಾ, ರಾತ್ರಿ ಬಿಟ್ರೆ ಪರವಾಗಿಲ್ವಾ. ಅಡಿಕೆ ಕೊಯ್ಲು, ಕಾಫಿ ಕೊಯ್ಲು ಟೈಮಲ್ಲಿ ಕಣ ಖಾಲಿ ಇರಲ್ಲ, ಅದನ್ನೂ ಮುಂಚೆ ಮಾತಾಡಿಟ್ಕೊಳ್ಳಿ.

ಟೈಮ್ ಹೇಳುವಾಗ ಕಿಲೋಮೀಟರ್ ಲೆಕ್ಕ ಬೇಡ, ಗಂಟೆ ಲೆಕ್ಕ ಹೇಳಿ. ಕೊಟ್ಟಿಗೆಹಾರದಿಂದ ಕಳಸ ಬರೀ ತಿರುವು, ಹೈವೇ ಲೆಕ್ಕ ಹಾಕ್ಕೊಂಡು ಬಂದೋರು ಮಳೆಲಿ ಕತ್ತಲು ಮಾಡ್ಕೋತಾರೆ. "ಸಂಜೆ 5ಕ್ಕೆ ಬಸ್ ಸ್ಟ್ಯಾಂಡ್ ಹತ್ರ ಇರಬೇಕು ಅಂದ್ರೆ ಬೆಂಗಳೂರು ಬೆಳಗ್ಗೆ 7ರೊಳಗೆ ಬಿಡಿ" ಅಂತ ಹಿಂದಿನಿಂದ ಲೆಕ್ಕ ಹಾಕಿ ಕೊಡಿ, ತಿಂಡಿ ಊಟದ ಟೈಮೂ ಸೇರಿಸಿ.

ನಂಬರ್ ಕೊಡೋದು ಸುಲಭ, ಫೋನ್ ಹೋಗೋದು ಕಷ್ಟ

ಬಹಳ ತೋಟದ ಮನೆಗಳಲ್ಲಿ ಈಗ ಫೈಬರ್ ಇಂಟರ್‌ನೆಟ್ ಇದೆ, ಆದ್ರೆ ಮೊಬೈಲ್ ಸಿಗ್ನಲ್ ಇಲ್ಲ. ಮನೆಲಿ ಕೂತೋರಿಗೆ ವಾಟ್ಸಾಪ್ ಕಾಲ್ ಆರಾಮಾಗಿ ಬರತ್ತೆ, ಹಾಗಾಗಿ ತಮ್ಮ ಮೊಬೈಲ್ ನಂಬರ್ ಕೊಟ್ಟು "ಕಾಲ್ ಮಾಡಿ" ಅಂತಾರೆ. ಗೆಸ್ಟು ಇರೋ ಜಾಗದಲ್ಲಿ ಡೇಟಾ ಇಲ್ಲ, ಮಾಮೂಲಿ ಕಾಲ್ ಮಾಡಿದ್ರೆ "ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ". ಮೇಲಿಂದ ಮಳೆಗಾಲದಲ್ಲಿ ಕರೆಂಟ್ ಹೋದ್ರೆ ರೌಟರೂ ಬಂದ್, ಮನೆಗೆ ಹೊರಗಿನ ಸಂಪರ್ಕನೇ ಇಲ್ಲ. ರೌಟರಿಗೆ ಒಂದು ಚಿಕ್ಕ ಯುಪಿಎಸ್ ಹಾಕ್ಸಿ, ಫೈಬರ್ ಜೊತೆಗೆ ಬರೋ ಲ್ಯಾಂಡ್‌ಲೈನ್ ಇದ್ರೆ ಆ ನಂಬರ್ ಎಸ್‌ಟಿಡಿ ಕೋಡ್ ಸಮೇತ ಕೊಡಿ.

ಕೊನೆ ತುಂಡಿನ ನಂಬರ್ ನಿಮ್ಮದಲ್ಲ, ಜೀಪ್ ಓಡ್ಸೋನದ್ದು ಆಗಿರಬೇಕು. ಅವನು ಕಳಸ ಹೊರನಾಡು ಓಡಾಡ್ತಾ ಇರ್ತಾನೆ, ಯಾವ ಸಿಮ್ ಎಲ್ಲಿ ಸಿಗತ್ತೆ ಅಂತ ಅವನಿಗೆ ಬಾಯಿಪಾಠ. ಅವನನ್ನ ಕೇಳಿ ಒಪ್ಪಿಸ್ಕೊಂಡೇ ನಂಬರ್ ಹಾಕಿ, ಹೆಸರು ಹಾಕಿ, ಯಾವ ಭಾಷೆ ಮಾತಾಡ್ತಾನೆ ಹಾಕಿ, ಬಾಡಿಗೆ ಎಷ್ಟು ಅಂತನೂ ಮೊದಲೇ ಹಾಕಿ. ಬಾಡಿಗೆ ಮಾತು ಬಸ್ ಸ್ಟ್ಯಾಂಡಲ್ಲಿ ನಿಂತು ಶುರುವಾದ್ರೆ ಗೆಸ್ಟಿಗೂ ಬೇಜಾರು ಅವನಿಗೂ ಬೇಜಾರು. ಅವನಿಗೆ ಆಗದೇ ಇದ್ರೆ ಇನ್ನೊಬ್ಬರ ನಂಬರ್ ಒಂದಿರಲಿ, ಸಾಧ್ಯ ಆದ್ರೆ ಬೇರೆ ಕಂಪನಿ ಸಿಮ್ಮಿನದ್ದು. ಐದು ನಂಬರ್ ಬರೀಬೇಡಿ, ಯಾರಿಗೆ ಮಾಡೋದು ಅಂತನೇ ಗೊತ್ತಾಗಲ್ಲ.

ನಂಬರಿಗಿಂತ ಮುಖ್ಯ ಎಲ್ಲಿಂದ ಫೋನ್ ಮಾಡ್ಬೇಕು ಅನ್ನೋದು. "ಕಳಸ ಪೇಟೆ ಬಿಡೋ ಮುಂಚೆ ಫೋನ್ ಮಾಡಿ, ಮುಂದೆ ಸಿಗ್ನಲ್ ನಂಬಬೇಡಿ" ಅಂತ ಜಾಗ ಹೆಸರಿಸಿ ಬರೀರಿ. ಜೊತೆಗೆ ಫೋನೇ ಹೋಗದಿದ್ರೆ ಏನು ಅಂತ ಒಂದು ಒಪ್ಪಂದ ಮಾಡ್ಕೊಳ್ಳಿ: ಕಳಸದಿಂದ ಹೊರಟ್ವಿ ಅಂತ ಗೆಸ್ಟಿನ ಫೋನ್ ಬಂದು ಒಂದು ಗಂಟೆ ಆದ ಮೇಲೂ ಬಸ್ ಸ್ಟ್ಯಾಂಡಿಗೆ ಬರ್ಲಿಲ್ಲ ಅಂದ್ರೆ ಜೀಪ್ ಹೊರನಾಡಿನ ಕಡೆ ಹುಡುಕ್ಕೊಂಡು ಬರತ್ತೆ, ಗೆಸ್ಟು ಮೇನ್ ರೋಡ್ ಬಿಟ್ಟು ಒಳಗೆ ಎಲ್ಲೂ ತಿರುಗಬಾರದು.

ಪೂರ್ತಿ ಮೆಸೇಜ್ ಹೀಗೆ

ಕಳಸ ತನಕ: ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಕಳಸ. ಮ್ಯಾಪ್ ನಂಬಬಹುದು. ಕೊಟ್ಟಿಗೆಹಾರದಲ್ಲಿ ಬಲಕ್ಕೆ, ನೇರ ಹೋದ್ರೆ ಚಾರ್ಮಾಡಿ ಘಾಟಿ.

ಕಳಸದಲ್ಲಿ: ಪೆಟ್ರೋಲ್, ಔಷಧಿ, ಕ್ಯಾಶ್ ಇಲ್ಲೇ ನೋಡ್ಕೊಳ್ಳಿ. ಇಲ್ಲಿಂದಲೇ ಜೀಪಿನವರಿಗೆ ಫೋನ್ ಮಾಡಿ: 98••••••••, ಕನ್ನಡ, ಹಿಂದಿ ಬರತ್ತೆ. ಸಿಗದಿದ್ರೆ ಮನೆ ಲ್ಯಾಂಡ್‌ಲೈನ್: •••••-••••••.

ಹೆಬ್ಬಾಳೆ ಸೇತುವೆ: ಮೇಲೆ ನೀರಿದ್ರೆ ದಾಟಬೇಡಿ, ವಾಪಸ್ ಕಳಸಕ್ಕೆ ಬಂದು ಫೋನ್ ಮಾಡಿ.

ಹೊರನಾಡು ಕಮಾನಿನ ಹತ್ರ ಟ್ರಿಪ್ ಮೀಟರ್ ಸೊನ್ನೆ ಮಾಡ್ಕೊಳ್ಳಿ. ಇಲ್ಲಿಂದ ಮ್ಯಾಪ್ ಏನು ಹೇಳಿದ್ರೂ ಡಾಂಬರು ರೋಡ್ ಬಿಡಬೇಡಿ. 2.5 ಕಿ.ಮೀ.ಗೆ ಬಲಗಡೆ ಸರ್ಕಾರಿ ಶಾಲೆ. 4 ಕಿ.ಮೀ.ಗೆ ಎಡಗಡೆ ಹಸಿರು ಬಸ್ ಸ್ಟ್ಯಾಂಡ್, ಇಲ್ಲೇ ನಿಲ್ಲಿ. ಕಬ್ಬಿಣದ ಕಟಾಂಜನದ ಸೇತುವೆ ಬಂದ್ರೆ ದಾಟಿದ್ದೀರಿ, ಅಲ್ಲೇ ತಿರುಗಿಸಿ ಅರ್ಧ ಕಿ.ಮೀ. ವಾಪಸ್.

ಕಾರು ಬಸ್ ಸ್ಟ್ಯಾಂಡ್ ಪಕ್ಕದ ಮನೆ ಅಂಗಳದಲ್ಲಿ ಬಿಡಿ, ಅವರಿಗೆ ಹೇಳಿದೆ. ಜೀಪ್ ಅಲ್ಲಿಂದ 2 ಕಿ.ಮೀ., ಹೋಗಿ ಬರೋ ಬಾಡಿಗೆ ರೂಮಿನ ದುಡ್ಡಲ್ಲೇ ಸೇರಿದೆ. ಉಣುಗೋಲು ಇರೋ ಗೇಟೇ ನಮ್ಮದು.

ಬಸ್ ಸ್ಟ್ಯಾಂಡಿನ ಪಿನ್: 13.2••••, 75.3••••. ರೋಡ್ ಸುದ್ದಿ: 12 ಜುಲೈ ಬೆಳಗ್ಗೆದು. ಸಂಜೆ 5ರೊಳಗೆ ಬಸ್ ಸ್ಟ್ಯಾಂಡಿಗೆ ಬನ್ನಿ.

ಇಷ್ಟು ಸಾಕು. ತೋಟದ ವರ್ಣನೆ, ಊಟದ ಮೆನು, ರೂಮಿನ ನಿಯಮ ಎಲ್ಲ ಬೇರೆ ಮೆಸೇಜಿಗೆ ಇರಲಿ. ರಾತ್ರಿ ಬಸ್ಸಲ್ಲಿ ಹೊರನಾಡಿಗೆ ಬರೋರಿಗೆ ಇದರ ಮೊದಲ ಮೂರು ಭಾಗ ಕಿತ್ತು, ಬೆಳಗ್ಗೆ ಜೀಪ್ ಎಲ್ಲಿ ನಿಂತಿರತ್ತೆ ಅಂತ ಹಾಕಿದ್ರೆ ಆಯ್ತು.

ಕಳಿಸೋದು ಹೇಗೆ

ವಾಟ್ಸಾಪಲ್ಲಿ ಎರಡು ದಿನ ಮುಂಚೆ ಕಳಿಸಿ, ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ ಅಂತ ಹೇಳಿ. ಬಸ್ ಸ್ಟ್ಯಾಂಡಿನ ಫೋಟೋ ಒಂದು ಹಾಕಿ, ಆದ್ರೆ ಮಳೆಗಾಲದ ಗೆಸ್ಟಿಗೆ ಮಳೆಗಾಲದ ಫೋಟೋನೇ, ಬೇಸಿಗೆಲಿ ತೆಗೆದದ್ದರಲ್ಲಿ ಕಾಣೋ ಗೋಡೆ ಜುಲೈಲಿ ಗಿಡದ ಹಿಂದೆ ಇರತ್ತೆ. ಕನ್ನಡ ಓದೋಕೆ ಬರದೋರಿಗೆ ಇಂಗ್ಲಿಷಲ್ಲಿ ಇದೇ ಮೆಸೇಜ್ ರೆಡಿ ಇಟ್ಕೊಳ್ಳಿ, ಆದ್ರೆ ಊರಿನ ಹೆಸರುಗಳನ್ನ ಬೋರ್ಡಲ್ಲಿ ಇರೋ ಸ್ಪೆಲಿಂಗಲ್ಲೇ ಬರೀರಿ.

ಹೊರಟ ದಿನ ಬೆಳಗ್ಗೆ ಒಂದು ಎಸ್ಸೆಮ್ಮೆಸ್ಸೂ ಕಳಿಸಿ, ಡೇಟಾ ಇಲ್ಲದ ಕಡೆನೂ ಕೆಲವು ಸಲ ಅದು ತೂರಿ ಬರತ್ತೆ. ಕನ್ನಡ ಲಿಪಿಲಿ ಬರೆದ್ರೆ ಒಂದು ಎಸ್ಸೆಮ್ಮೆಸ್ಸಿಗೆ 70 ಅಕ್ಷರ ಅಷ್ಟೇ, ಅದರಲ್ಲಿ ಒತ್ತು, ದೀರ್ಘ, ಕೊಂಬು ಎಲ್ಲ ಬೇರೆ ಬೇರೆ ಲೆಕ್ಕ. ಇಂಗ್ಲಿಷ್ ಅಕ್ಷರದಲ್ಲಿ ಬರೆದ್ರೆ 160 ಸಿಗತ್ತೆ. ಉದ್ದ ಆದ್ರೆ ತುಂಡು ತುಂಡಾಗಿ ಹೋಗತ್ತೆ, ಸಿಗ್ನಲ್ ವೀಕ್ ಇರೋ ಕಡೆ ಎಲ್ಲ ತುಂಡೂ ಸೇರೋದು ಗ್ಯಾರಂಟಿ ಇಲ್ಲ. ಅದಕ್ಕೆ ಎಸ್ಸೆಮ್ಮೆಸ್ಸಲ್ಲಿ ಕಮಾನಿಂದ ಎಷ್ಟು ಕಿಲೋಮೀಟರ್, ಯಾವ ಕಡೆ ಬಸ್ ಸ್ಟ್ಯಾಂಡ್, ಜೀಪಿನ ನಂಬರ್ ಇಷ್ಟೇ ಹಾಕಿ. ನಂಬರಿನ ಅಂಕಿಗಳ ಮಧ್ಯೆ ಚುಕ್ಕಿ, ಸ್ಟಾರ್ ಏನೂ ಹಾಕಬೇಡಿ, ಬೆರಳಿಟ್ಟ ಕೂಡ್ಲೇ ಡಯಲ್ ಆಗಬೇಕು.

ಮೆಸೇಜ್ ಸರಿ ಇದೆಯಾ ಅಂತ ನೋಡೋಕೆ ನಿಮ್ಮ ಕಡೆ ಯಾವತ್ತೂ ಬರದ ನೆಂಟರನ್ನೋ ಗೊಬ್ಬರ ತರೋ ಲಾರಿ ಡ್ರೈವರನ್ನೋ ಹಿಡೀರಿ, ಇದನ್ನೇ ಓದ್ಕೊಂಡು ಬನ್ನಿ, ಫೋನ್ ಮಾಡಬೇಡಿ ಅನ್ನಿ. ಅವರು ಎಲ್ಲಿ ಬ್ರೇಕ್ ಹಾಕಿ ಯೋಚ್ನೆ ಮಾಡಿದ್ರು ಅಂತ ಆಮೇಲೆ ಕೇಳಿ, ಆ ಜಾಗಕ್ಕೇ ಒಂದು ಸಾಲು ಸೇರಿಸ್ಬೇಕು. ಬಂದ ಗೆಸ್ಟುಗಳು ಯಾವ ಜಾಗದಿಂದ ಫೋನ್ ಮಾಡಿದ್ರು ಅಂತನೂ ಗುರುತು ಹಾಕ್ಕೊಳ್ಳಿ. ಮೂರ್ನಾಲ್ಕು ಜನ ಶಾಲೆ ಹತ್ರ ನಿಂತೇ ಫೋನ್ ಮಾಡಿದ್ರೆ ಅಲ್ಲಿ ಕವಲು ರೋಡು ಒಂದಿರತ್ತೆ, ನೀವು ದಿನಾ ನೋಡಿ ನೋಡಿ ಅದು ನಿಮ್ಮ ಕಣ್ಣಿಗೆ ಬೀಳ್ತಾ ಇರಲ್ಲ.